ಮಕ್ಕಳ ಫೋಟೊ ನೋಡಿ ಭಾವಚಿತ್ರ ಬರೆಸುವಾಗ: ಪದೇ ಪದೇ ಕೇಳುವ ಪ್ರಶ್ನೆಗಳು

ತುಮಕೂರಿನಲ್ಲಿ ನಾನು ಪೆನ್ಸಿಲ್ ಮತ್ತು ಚಾರ್ಕೋಲ್ ಭಾವಚಿತ್ರಗಳನ್ನು ಬರೆದುಕೊಡುತ್ತೇನೆ. ಭಾನುವಾರ ಬೆಳಿಗ್ಗೆ ಕೆಲವರಿಗೆ ಚಿತ್ರ ಬರೆಯುವುದನ್ನೂ ಕಲಿಸುತ್ತೇನೆ. ಬರುವ ಕೆಲಸದಲ್ಲಿ ಹೆಚ್ಚಿನದು ಮಕ್ಕಳ ಚಿತ್ರ. ಮೊದಲ ಹುಟ್ಟುಹಬ್ಬ, ಕೃಷ್ಣನ ವೇಷ, ಶಾಲೆಗೆ ಸೇರಿದ ದಿನ, ಇಂಥವು. ಮಗುವನ್ನು ಎದುರಿಗೆ ಕೂರಿಸಿಕೊಂಡು ಬರೆಯುವುದು ಆಗದ ಮಾತಾದ್ದರಿಂದ ಎಲ್ಲವೂ ಫೋಟೊ ನೋಡಿಯೇ ನಡೆಯುತ್ತದೆ. ಆ ಫೋಟೊವನ್ನು ನಾವು ರೆಫರೆನ್ಸ್ ಎನ್ನುತ್ತೇವೆ. ಗುಬ್ಬಿ, ತಿಪಟೂರು, ಸಿರಾ, ಮಧುಗಿರಿ ಕಡೆಗಳಿಂದ ಬರೆಸುವವರು, ಮತ್ತು ಈ ಕೆಲಸಕ್ಕೆ ಹೊಸದಾಗಿ ಇಳಿದಿರುವ ಕಿರಿಯ ಕಲಾವಿದರು, ಆ ಫೋಟೊದ ಬಗ್ಗೆ ಕೇಳಿದ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ.

ಮಗುವಿನ ಫೋಟೊವನ್ನು ವಾಟ್ಸಾಪಿನಲ್ಲಿ ಹೇಗೆ ಕಳಿಸಬೇಕು? ಡಾಕ್ಯುಮೆಂಟ್ ಆಗಿಯೇ ಕಳಿಸಿ ಎಂದು ಬಹಳ ಕಲಾವಿದರು ಹೇಳುತ್ತಾರಲ್ಲ?

ಹೌದು, ಕೆಲವು ವರ್ಷಗಳ ಹಿಂದಿನವರೆಗೆ ನಾನೂ ಹಾಗೆಯೇ ಹೇಳುತ್ತಿದ್ದೆ. ಸಾಮಾನ್ಯ ಫೋಟೊವಾಗಿ ಕಳಿಸಿದರೆ ವಾಟ್ಸಾಪ್ ಅದರ ಉದ್ದನೆಯ ಬದಿಯನ್ನು ಸುಮಾರು 1600 ಪಿಕ್ಸೆಲಿಗೆ ಇಳಿಸುತ್ತದೆ. ಕಣ್ರೆಪ್ಪೆ, ಕಣ್ಣಿನೊಳಗಿನ ಬೆಳಕಿನ ಚುಕ್ಕೆ, ತುಟಿಯ ಅಂಚು ಇವೆಲ್ಲ ಕಲಸಿಹೋಗುತ್ತವೆ. ಡಾಕ್ಯುಮೆಂಟ್ ಆಗಿ ಕಳಿಸಿದರೆ ಫೈಲು ಇದ್ದ ಹಾಗೆಯೇ ಬರುತ್ತದೆ. ತೊಡಕು ಅಲ್ಲಿಯೇ ಇದೆ. ಇದ್ದ ಹಾಗೆ ಎಂದರೆ, ಫೋಟೊ ತೆಗೆದ ದಿನ, ಗಂಟೆ, ಫೋನಿನ ಮಾದರಿ ಮತ್ತು ಲೊಕೇಶನ್ ಆನ್ ಇದ್ದಿದ್ದರೆ ತೆಗೆದ ಜಾಗದ ಅಕ್ಷಾಂಶ, ರೇಖಾಂಶ, ಇಷ್ಟೂ ಅದರೊಂದಿಗೆ ಬರಬಹುದು. ಕೆಲವು ಫೋನುಗಳು ಜಾಗದ ವಿವರವನ್ನು ಮಾತ್ರ ಬಿಟ್ಟು ಕಳಿಸುತ್ತವೆ, ಕೆಲವು ಬಿಡುವುದಿಲ್ಲ. ನನ್ನ ಬಳಿ ಎರಡೂ ಬಗೆಯವು ಬಂದಿವೆ. ಫೋಟೊವಾಗಿ ಕಳಿಸಿದಾಗ ವಾಟ್ಸಾಪ್ ಈ ವಿವರಗಳನ್ನು ತೆಗೆದುಹಾಕುತ್ತದೆ.

ಹಾಗಾದರೆ ಸ್ಪಷ್ಟತೆ ಬೇಕೋ, ಗೋಪ್ಯತೆ ಬೇಕೋ ಎಂದು ಒಂದನ್ನು ಆರಿಸಿಕೊಳ್ಳಬೇಕೇ? ಬೇಕಿಲ್ಲ. ಕಳಿಸುವ ಮೊದಲೇ ಕ್ರಾಪ್ ಮಾಡಿದರೆ ಎರಡೂ ಸಿಗುತ್ತವೆ. ಲೆಕ್ಕ ಸುಲಭ. 4000 ಪಿಕ್ಸೆಲ್ ಅಗಲ, 3000 ಪಿಕ್ಸೆಲ್ ಎತ್ತರದ ಒಂದು ಫೋಟೊದಲ್ಲಿ ಮಗುವಿನ ಮುಖ 900 ಪಿಕ್ಸೆಲ್ ಎತ್ತರ ಇದೆ ಎನ್ನೋಣ. ಇಡೀ ಫೋಟೊವನ್ನು ಹಾಗೆಯೇ ಕಳಿಸಿದರೆ 4000 ಎಂಬುದು 1600 ಆಗುತ್ತದೆ, ಅದೇ ಪ್ರಮಾಣದಲ್ಲಿ ಮುಖ 360 ಪಿಕ್ಸೆಲಿಗೆ ಕುಗ್ಗುತ್ತದೆ, ಅದರಿಂದ ಭಾವಚಿತ್ರ ಬರೆಯಲಾಗದು. ಅದೇ ಫೋಟೊವನ್ನು ತಲೆ, ಕತ್ತು, ಭುಜದವರೆಗೆ ಕ್ರಾಪ್ ಮಾಡಿ 1400 ಪಿಕ್ಸೆಲ್ ಅಳತೆಗೆ ತಂದು ಕಳಿಸಿದರೆ ಕುಗ್ಗಿಸುವ ಅಗತ್ಯವೇ ಬೀಳುವುದಿಲ್ಲ. ಮುಖ ಹೆಚ್ಚುಕಡಿಮೆ 900 ಪಿಕ್ಸೆಲಿನಲ್ಲಿಯೇ ನನ್ನ ಕೈಗೆ ಬರುತ್ತದೆ. ಎಚ್‌ಡಿ ಆಯ್ಕೆಯನ್ನು ಒತ್ತಿ ಕಳಿಸಿದರೆ ಇನ್ನೂ ಒಳ್ಳೆಯದು. ಹಿನ್ನೆಲೆಯ ಮನೆ, ಬಾಗಿಲ ಸಂಖ್ಯೆ, ಗಾಡಿಯ ನಂಬರ್ ಪ್ಲೇಟು, ಪಕ್ಕದಲ್ಲಿ ನಿಂತ ನೆರೆಮನೆಯ ಮಗು ಎಲ್ಲವೂ ನಿಮ್ಮ ಫೋನಿನಲ್ಲಿಯೇ ಉಳಿಯುತ್ತವೆ. ಆದ್ದರಿಂದ ನಾನು ಈಗ ಎಲ್ಲರಿಗೂ ಹೇಳುವುದು: ಕ್ರಾಪ್ ಮಾಡಿ, ಎಚ್‌ಡಿಯಲ್ಲಿ, ಫೋಟೊವಾಗಿಯೇ ಕಳಿಸಿ.

ಫೋಟೊದೊಳಗೆ ನಮ್ಮ ಮನೆಯ ಜಾಗ ಇದೆಯೋ ಇಲ್ಲವೋ ಎಂದು ತಿಳಿಯುವುದು ಹೇಗೆ?

ಫೋನಿನಲ್ಲಿ ಆ ಫೋಟೊವನ್ನು ತೆರೆದು ಮೇಲಕ್ಕೆ ಎಳೆದರೆ ಅಥವಾ ವಿವರ ತೋರಿಸುವ ಗುಂಡಿಯನ್ನು ಒತ್ತಿದರೆ, ಜಾಗ ದಾಖಲಾಗಿದ್ದಲ್ಲಿ ಕೆಳಗೆ ಪುಟ್ಟ ನಕ್ಷೆ ಕಾಣಿಸುತ್ತದೆ. ಫೋಟೊದ ಫೈಲಿನಲ್ಲಿ ಜಾಗವನ್ನು ಡಿಗ್ರಿ, ಮಿನಿಟು, ಸೆಕೆಂಡುಗಳಲ್ಲಿ ಬರೆದಿಡುವುದು ವಾಡಿಕೆ. ಅಕ್ಷಾಂಶದ ಒಂದು ಸೆಕೆಂಡು ಎಂದರೆ ನೆಲದ ಮೇಲೆ ಸುಮಾರು 31 ಮೀಟರ್, ಮತ್ತು ಆ ಸೆಕೆಂಡಿಗೂ ದಶಾಂಶ ಇರುತ್ತದೆ. ಅಂದರೆ ಊರು, ಬಡಾವಣೆ ದಾಟಿ ಯಾವ ಮನೆ ಎನ್ನುವಷ್ಟು ಹತ್ತಿರಕ್ಕೆ ಅದು ಕರೆದೊಯ್ಯುತ್ತದೆ. ಮಗು ದಿನವೂ ಆಡುವ ಅಂಗಳದಲ್ಲಿ ತೆಗೆದ ಫೋಟೊ ಆದರೆ ಅದರ ಅರ್ಥ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ.

ಕ್ಯಾಮೆರಾದ ಸೆಟ್ಟಿಂಗ್ಸಿನಲ್ಲಿ ಲೊಕೇಶನ್ ಸೇರಿಸುವುದನ್ನು ಆಫ್ ಮಾಡಿದರೆ ಮುಂದಿನ ಫೋಟೊಗಳಿಗೆ ಈ ಚಿಂತೆ ಇರದು. ಹಳೆಯವು ಮಾತ್ರ ಹಾಗೆಯೇ ಇರುತ್ತವೆ. ಐಫೋನಿನಲ್ಲಿ ಹಂಚುವಾಗ ಮೇಲುಗಡೆ `Options` ಒತ್ತಿ `Location` ಆಫ್ ಮಾಡಬಹುದು. ಇದೇನೂ ಹೊಳೆಯದಿದ್ದರೆ ಫೋಟೊದ ಸ್ಕ್ರೀನ್‌ಶಾಟ್ ತೆಗೆದು ಕಳಿಸಿ, ಅದಕ್ಕೆ ಜಾಗದ ವಿವರ ಅಂಟುವುದಿಲ್ಲ. ಮುಖವನ್ನು ಪರದೆ ತುಂಬುವಷ್ಟು ದೊಡ್ಡದು ಮಾಡಿಕೊಂಡು ತೆಗೆದರೆ ಸಾಕು.

ಕಲಾವಿದರಿಗೆ ಒಂದು ಮಾತು. ಡಾಕ್ಯುಮೆಂಟ್ ಆಗಿ ಬಂದ ಫೈಲಿನಿಂದ ಜಾಗವನ್ನು ತೆಗೆಯಲು ಕಂಪ್ಯೂಟರಿನಲ್ಲಿ ಎಕ್ಸಿಫ್‌ಟೂಲ್ ಎಂಬ ಉಚಿತ ತಂತ್ರಾಂಶವಿದೆ. ಮೊದಲ ಸಾಲು ನೋಡುವುದಕ್ಕೆ, ಎರಡನೆಯದು ತೆಗೆಯುವುದಕ್ಕೆ.

```
exiftool -gps:all photo.jpg
exiftool -gps:all= -overwrite_original photo.jpg
```

ಎರಡನೆಯ ಸಾಲಿನ `-overwrite_original` ಎಂಬುದನ್ನು ಬಿಟ್ಟರೆ, ಅದೇ ಫೋಲ್ಡರಿನಲ್ಲಿ `photo.jpg_original` ಎಂಬ ಹೆಸರಿನಲ್ಲಿ ಹಳೆಯ ಫೈಲು ಉಳಿದುಕೊಳ್ಳುತ್ತದೆ, ಮನೆಯ ಜಾಗದ ಸಮೇತ. ಫೈಲಿನ ಹೆಸರಿನ ಬಾಲ ಬದಲಾಗಿರುವುದರಿಂದ ಫೋಟೊಗಳ ನಡುವೆ ಅದು ಕಣ್ಣಿಗೂ ಬೀಳದು. ಹಾಗೆ ಉಳಿದಿದ್ದನ್ನು ನಾನು ಒಂದು ವರ್ಷದ ನಂತರ ಕಂಡುಕೊಂಡೆ.

ಶಾಲೆಯ ಸಮವಸ್ತ್ರದಲ್ಲಿರುವ ಫೋಟೊ ಕೊಡಬಹುದೇ?

ಕೊಡಬಹುದು. ಕೊರಳಲ್ಲಿ ನೇತಾಡುವ ಐಡಿ ಕಾರ್ಡನ್ನು ಮಾತ್ರ ಮುಚ್ಚಿ ಅಥವಾ ಕ್ರಾಪ್ ಮಾಡಿ. ನಮ್ಮ ಕಡೆಯ ಶಾಲೆಗಳ ಕಾರ್ಡುಗಳಲ್ಲಿ ಸಾಮಾನ್ಯವಾಗಿ ಮಗುವಿನ ಹೆಸರು, ತರಗತಿ, ತಂದೆಯ ಹೆಸರು, ಮೊಬೈಲ್ ಸಂಖ್ಯೆ, ಕೆಲವೊಮ್ಮೆ ಮನೆಯ ವಿಳಾಸವೂ ಇರುತ್ತವೆ. ಇಂದಿನ ಫೋನುಗಳ ಫೋಟೊವನ್ನು ದೊಡ್ಡದು ಮಾಡಿದರೆ ಅದನ್ನೆಲ್ಲ ಓದಬಹುದು. ಚಿತ್ರದಲ್ಲಿ ಸಮವಸ್ತ್ರದ ಬಣ್ಣ, ಕಾಲರು, ಟೈ ಬರೆಯುತ್ತೇನೆ. ಬ್ಯಾಡ್ಜಿನ ಅಕ್ಷರಗಳನ್ನು ಬರೆಯುವುದಿಲ್ಲ. ಬೇಕೇ ಬೇಕು ಎಂದರೆ ಬರೆದುಕೊಡುತ್ತೇನೆ, ಆದರೆ ಆ ಚಿತ್ರ ನನ್ನ ಕಡೆಯಿಂದ ಎಲ್ಲಿಯೂ ಪ್ರಕಟವಾಗುವುದಿಲ್ಲ.

ಕೃಷ್ಣನ ವೇಷದ ಫೋಟೊ, ಎಣ್ಣೆನೀರಿನ ದಿನದ ಫೋಟೊ?

ಕೃಷ್ಣನ ವೇಷದಲ್ಲಿ ಮೈಮೇಲೆ ಪಂಚೆ, ಹಾರ, ಸೊಂಟದ ಪಟ್ಟಿ ಇರುತ್ತವೆ. ಅದರಲ್ಲಿ ಅಡ್ಡಿ ಇಲ್ಲ. ಬಟ್ಟೆಯಿಲ್ಲದ ಫೋಟೊವನ್ನು, ಅದು ಮೂರು ತಿಂಗಳ ಕೂಸಿನದೇ ಆಗಿರಲಿ, ನಾನು ತೆಗೆದುಕೊಳ್ಳುವುದಿಲ್ಲ. ಬಂದರೆ ಡೌನ್‌ಲೋಡ್ ಆದದ್ದನ್ನು ಆಗಲೇ ಅಳಿಸಿ, ಬೇರೆಯದು ಕಳಿಸಿ ಎಂದು ಕೇಳುತ್ತೇನೆ. ಹೆತ್ತವರ ಕಣ್ಣಿಗೆ ಅದು ಮುಗ್ಧ ಫೋಟೊ, ನಿಜ. ಆದರೆ ಅದು ಮನೆಯಿಂದಾಚೆ ಹೋದ ಕ್ಷಣದಿಂದ ಯಾರ ಕಣ್ಣಿಗೆ ಏನಾಗಿ ಕಾಣುತ್ತದೆ ಎಂಬುದು ನಮ್ಮ ಹಿಡಿತದಲ್ಲಿ ಇರುವುದಿಲ್ಲ. ಎಣ್ಣೆನೀರಿನ ನೆನಪಿನ ಚಿತ್ರವೇ ಬೇಕೆಂದವರಿಗೆ, ಸ್ನಾನ ಮುಗಿದು ಬಿಳಿ ಬಟ್ಟೆಯಲ್ಲಿ ಸುತ್ತಿ, ಹಣೆಗೆ ಬೊಟ್ಟಿಟ್ಟು ಮಲಗಿಸಿದಾಗಿನ ಮುಖದ ಫೋಟೊ ಕೇಳಿ ಬರೆದುಕೊಟ್ಟಿದ್ದೇನೆ. ಚಿತ್ರವಾಗಿಯೂ ಅದೇ ಚೆನ್ನ.

ಅಕ್ಕನ ಮಗುವಿನ ಚಿತ್ರ ಬರೆಸಿ ಹುಟ್ಟುಹಬ್ಬಕ್ಕೆ ಕೊಡಬೇಕೆಂದಿದ್ದೇನೆ. ಅವರಿಗೆ ಮೊದಲೇ ಹೇಳಿದರೆ ಉಡುಗೊರೆಯ ಗುಟ್ಟು ರಟ್ಟಾಗುವುದಿಲ್ಲವೇ?

ಈ ಪ್ರಶ್ನೆ ಸೋದರಮಾವಂದಿರಿಂದ, ಚಿಕ್ಕಮ್ಮಂದಿರಿಂದ ಬಹಳ ಬರುತ್ತದೆ. ನನ್ನ ನಿಯಮ ಒಂದೇ: ತಂದೆ ಅಥವಾ ತಾಯಿ, ಇಬ್ಬರಲ್ಲಿ ಒಬ್ಬರಿಗೆ ಗೊತ್ತಿರಬೇಕು, ಮತ್ತು ಅವರು ನನಗೆ ಒಂದು ಸಾಲಿನ ಸಂದೇಶ ಕಳಿಸಬೇಕು. ಅಕ್ಕನಿಗೆ ಗುಟ್ಟಾಗಿರಲಿ, ಭಾವನಿಗೆ ಹೇಳಿ. ಗುಟ್ಟು ಉಳಿಯುತ್ತದೆ, ಹೆತ್ತವರ ಒಪ್ಪಿಗೆಯೂ ಸಿಗುತ್ತದೆ.

ಸ್ಟೇಟಸ್ಸಿನಿಂದ ತೆಗೆದ ಸ್ಕ್ರೀನ್‌ಶಾಟ್, ಕುಟುಂಬದ ಗುಂಪಿನಲ್ಲಿ ಬಂದ ಫೋಟೊ ಇವು ಕೈಯಲ್ಲಿವೆ ಎಂಬುದು ಒಪ್ಪಿಗೆ ಆಗುವುದಿಲ್ಲ. ಅಲ್ಲಿ ಹಾಕಿದವರು ನೋಡುವುದಕ್ಕೆ ಹಾಕಿದ್ದಾರೆ. ತಂದೆ ತಾಯಿ ಬೇರೆಬೇರೆಯಾಗಿ, ಮಗುವಿನ ಪಾಲನೆಯ ವಿಚಾರ ನ್ಯಾಯಾಲಯದಲ್ಲಿದೆ ಎಂದು ತಿಳಿದರೆ, ಮಗು ಯಾರ ಬಳಿ ಇದೆಯೋ ಅವರ ಒಪ್ಪಿಗೆ ಇಲ್ಲದೆ ನಾನು ಪೆನ್ಸಿಲ್ ಹಿಡಿಯುವುದಿಲ್ಲ. ಒಮ್ಮೆ ಹೀಗೆ ಮುಂಗಡ ಹಣವನ್ನು ಹಿಂದಿರುಗಿಸಿದ್ದೇನೆ. ಕೇಳಿದವರಿಗೆ ನೋವಾಯಿತು ಎಂಬುದು ನನಗೆ ಗೊತ್ತು.

ನಾವು ಒಂದು ಫೋಟೊ ಕಳಿಸುತ್ತೇವೆ. ಅದು ನಿಮ್ಮ ಬಳಿ ಒಂದೇ ಆಗಿ ಇರುತ್ತದೆಯೇ?

ಇಲ್ಲ. ಇದುವೇ ಬಹಳ ಜನರಿಗೆ, ಕಲಾವಿದರಿಗೂ, ತಿಳಿಯದ ಸಂಗತಿ. ಹಳೆಯ ಒಂದು ಆರ್ಡರನ್ನು ಉದಾಹರಣೆಯಾಗಿ ತೆಗೆದುಕೊಂಡು ಎಣಿಸಿ ತೋರಿಸುತ್ತೇನೆ.

ತಿಪಟೂರಿನ ಕಡೆಯ ತಾಯಿಯೊಬ್ಬರು ಏಳು ವರ್ಷದ ಮಗಳ ಫೋಟೊವನ್ನು ಡಾಕ್ಯುಮೆಂಟ್ ಆಗಿ ಕಳಿಸಿದರು. ಮನೆಯ ಮುಂದಿನ ಜಗುಲಿಯಲ್ಲಿ ತೆಗೆದದ್ದು, ಜಾಗದ ವಿವರ ಅದರಲ್ಲಿತ್ತು. ನನ್ನ ಫೋನಿನ ವಾಟ್ಸಾಪ್ ಫೋಲ್ಡರಿನಲ್ಲಿ ಅದು ಕುಳಿತದ್ದು ಮೊದಲ ಪ್ರತಿ. ರಾತ್ರಿ ಚಾಟ್‌ಗಳ ಬ್ಯಾಕಪ್ ಆದಾಗ ಗೂಗಲ್ ಡ್ರೈವಿನಲ್ಲಿ ಎರಡನೆಯದು. ಕಂಪ್ಯೂಟರಿನಲ್ಲಿ ವಾಟ್ಸಾಪ್ ವೆಬ್ ತೆರೆದು ಇಳಿಸಿಕೊಂಡಾಗ `Downloads` ಫೋಲ್ಡರಿನಲ್ಲಿ ಮೂರನೆಯದು. ಜಾಗದ ವಿವರವನ್ನು ತೆಗೆದಾಗ, ಮೇಲೆ ಹೇಳಿದ ಹಾಗೆ, ಹಿಂದೆ ಉಳಿದ ಮೂಲ ಫೈಲು ನಾಲ್ಕನೆಯದು. ಮುಖಕ್ಕೆ ಕ್ರಾಪ್ ಮಾಡಿ ಬೇರೆ ಹೆಸರಿನಲ್ಲಿ ಉಳಿಸಿದ್ದು ಐದನೆಯದು. ನೆರಳು ಬೆಳಕಿನ ಅಂದಾಜಿಗೆ ಕಪ್ಪು ಬಿಳುಪು ಮಾಡಿ, ಮೇಲೆ ಒಂದು ಸೆಂಟಿಮೀಟರ್ ಚೌಕಗಳ ಗ್ರಿಡ್ ಹಾಕಿದ್ದು ಆರನೆಯದು. ಪ್ರಿಂಟ್ ಹಾಕಿಸಲು ಪೆನ್‌ಡ್ರೈವಿಗೆ ತುಂಬಿಕೊಂಡದ್ದು ಏಳನೆಯದು. ಜೆರಾಕ್ಸ್ ಅಂಗಡಿಯ ಹುಡುಗ ಪುಟಕ್ಕೆ ಸರಿಹೊಂದಿಸಲು ಅದನ್ನು ತನ್ನ ಕಂಪ್ಯೂಟರಿನ ಡೆಸ್ಕ್‌ಟಾಪಿಗೆ ಹಾಕಿಕೊಂಡದ್ದು ಎಂಟನೆಯದು. ಮೊದಲ ಪ್ರಿಂಟು ತೀರಾ ಕಪ್ಪಾಗಿ ಬಂದಿತು, ಅದು ಒಂಬತ್ತು. ಸರಿಯಾದದ್ದು ಹತ್ತು.

ಚಿತ್ರ ಕೊಟ್ಟ ಮೇಲೆ ಆ ತಾಯಿ ಕೇಳಿದರು, "ಸಾರ್, ಫೋಟೊ ಡಿಲೀಟ್ ಮಾಡಿದಿರಾ?" ಮಾಡಿದೆ ಎಂದೆ. ಸುಳ್ಳು ಹೇಳುವ ಉದ್ದೇಶ ಇರಲಿಲ್ಲ. ಚಾಟನ್ನು ಅಳಿಸಿದ್ದೆ, ಕ್ರಾಪ್ ಮಾಡಿದ ಫೈಲನ್ನೂ ಅಳಿಸಿದ್ದೆ. ಉಳಿದವು ಎಲ್ಲೆಲ್ಲಿದ್ದವೋ ಅಲ್ಲಲ್ಲೇ ಇದ್ದವು.

ಈಗ ಬೇರೆ ರೀತಿ ಮಾಡುತ್ತೇನೆ. ಕೆಲಸದ ಸಂಖ್ಯೆಗೆ ಬೇರೆ ಫೋನು ಇಟ್ಟುಕೊಂಡಿದ್ದೇನೆ, ಅದರಲ್ಲಿ ಚಾಟ್ ಬ್ಯಾಕಪ್ಪೂ ಇಲ್ಲ, ಗೂಗಲ್ ಫೋಟೋಸ್ ಬ್ಯಾಕಪ್ಪೂ ಇಲ್ಲ. ವಾಟ್ಸಾಪಿನ ಸೆಟ್ಟಿಂಗ್ಸಿನಲ್ಲಿ `Media visibility` ಆಫ್ ಇದೆ, ಆದ್ದರಿಂದ ಬಂದ ಫೋಟೊಗಳು ಗ್ಯಾಲರಿಯಲ್ಲಿ ನನ್ನ ಮನೆಯವರ ಫೋಟೊಗಳೊಂದಿಗೆ ಬೆರೆಯುವುದಿಲ್ಲ, ಯಾರಿಗೋ ಏನೋ ತೋರಿಸುವಾಗ ಬೆರಳು ಜಾರಿ ಕಾಣಿಸಿಕೊಳ್ಳುವುದೂ ಇಲ್ಲ. ಪ್ರತಿ ಆರ್ಡರಿಗೆ ಕಂಪ್ಯೂಟರಿನಲ್ಲಿ ಒಂದೇ ಫೋಲ್ಡರು, ಅದರ ಹೆಸರು `T-041` ಎಂಬಂತೆ ಬರೀ ಸಂಖ್ಯೆ. ಮಗುವಿನ ಹೆಸರು ಫೈಲಿನಲ್ಲಿಯೂ ಇಲ್ಲ, ಫೋಲ್ಡರಿನಲ್ಲಿಯೂ ಇಲ್ಲ. ಯಾವ ಸಂಖ್ಯೆ ಯಾರದು ಎಂಬುದು ಕಾಗದದ ಡೈರಿಯಲ್ಲಿದೆ. ಇಳಿಸಿಕೊಳ್ಳುವಾಗಲೇ ನೇರವಾಗಿ ಆ ಫೋಲ್ಡರಿಗೆ ಇಳಿಸುತ್ತೇನೆ, ಕ್ರಾಪ್, ಗ್ರಿಡ್ ಎಲ್ಲವೂ ಅದರೊಳಗೇ ಆಗುತ್ತದೆ. ಪ್ರಿಂಟಿಗೆ ಮನೆಯಲ್ಲಿಯೇ ಸಣ್ಣ ಇಂಕ್‌ಜೆಟ್ ಇದೆ. ಅಳಿಸುವ ದಿನ ಬಂದಾಗ ನೋಡಬೇಕಾದದ್ದು ಫೋನು, ಆ ಒಂದು ಫೋಲ್ಡರು, ಒಂದು ಕಾಗದ, ಮೂರೇ ಜಾಗ.

ಸ್ವಂತ ಪ್ರಿಂಟರ್ ಇಲ್ಲದ ಕಲಾವಿದರು ಏನು ಮಾಡಬೇಕು?

ಅಂಗಡಿಗೆ ಹೋಗಲೇಬೇಕೆಂದರೆ ಅಂಗಡಿಯ ವಾಟ್ಸಾಪ್ ಸಂಖ್ಯೆಗೆ ಅಥವಾ ಇಮೇಲಿಗೆ ಮಗುವಿನ ಫೋಟೊ ಕಳಿಸಬೇಡಿ. ಆ ಚಾಟಿನಲ್ಲಿ ದಿನಕ್ಕೆ ನೂರಾರು ಆಧಾರ್ ಕಾರ್ಡು, ಅಂಕಪಟ್ಟಿಗಳು ಬಂದು ಬೀಳುತ್ತವೆ, ಯಾರೂ ಅದನ್ನು ಶುಚಿ ಮಾಡುವುದಿಲ್ಲ. ಅಲ್ಲಿಯ ಕಂಪ್ಯೂಟರಿನಲ್ಲಿ ನಿಮ್ಮ ವಾಟ್ಸಾಪ್ ವೆಬ್ಬನ್ನು ತೆರೆಯುವುದು ಅದಕ್ಕಿಂತ ಕೆಟ್ಟದ್ದು, ಲಾಗೌಟ್ ಮರೆತರೆ ನಿಮ್ಮ ಎಲ್ಲ ಚಾಟುಗಳೂ ಅಲ್ಲಿ ತೆರೆದೇ ಇರುತ್ತವೆ. ಆ ಒಂದೇ ಫೈಲು ಇರುವ ಪೆನ್‌ಡ್ರೈವ್ ಒಯ್ಯಿರಿ, ಪೆನ್‌ಡ್ರೈವಿನಿಂದಲೇ ತೆರೆದು ಪ್ರಿಂಟ್ ಕೊಡಲು ಹೇಳಿ, ಡೆಸ್ಕ್‌ಟಾಪಿಗೆ ಹಾಕಿಕೊಂಡಿದ್ದರೆ ನಿಂತು ಅಳಿಸಿ, `Recycle Bin` ಖಾಲಿ ಮಾಡಿಸಿ. ಹಾಳಾದ ಪ್ರಿಂಟನ್ನೂ ಕೇಳಿ ಪಡೆಯಿರಿ. ಅದಕ್ಕೂ ದುಡ್ಡು ಕೊಡಬೇಕಾಗಿ ಬಂದರೆ ಕೊಡಿ.

ಪ್ರಿಂಟ್ ತೆಗೆದ ಕಾಗದದ ಬಗ್ಗೆ ಇಷ್ಟು ಎಚ್ಚರಿಕೆ ಏಕೆ?

ಮೇಲಿನ ಉದಾಹರಣೆಯ ಒಂಬತ್ತನೆಯ ಪ್ರತಿಯಂಥದ್ದೇ ಒಂದು ಕಾಗದ ನನಗೆ ಪಾಠ ಕಲಿಸಿತು. ಹಾಳಾದ ಪ್ರಿಂಟುಗಳನ್ನು ಹಳೆಯ ಪೇಪರಿನ ಕಟ್ಟಿಗೆ ಸೇರಿಸಿ ರದ್ದಿಗೆ ಹಾಕುವುದು ನನ್ನ ರೂಢಿಯಾಗಿತ್ತು. ಒಂದು ಸಂಜೆ ಬಿ.ಎಚ್. ರಸ್ತೆಯ ಬದಿಯಲ್ಲಿ ತಳ್ಳುಗಾಡಿಯವರಿಂದ ಹುರಿದ ಕಡಲೆಕಾಯಿ ಕೊಂಡೆ. ಪೊಟ್ಟಣ ಬಿಚ್ಚಿದಾಗ ಒಳಮೈಯಲ್ಲಿ ಚೌಕಗಳ ಗೆರೆ ಕಂಡಿತು. ಗೆರೆಗಳ ಕೆಳಗೆ ಒಂದು ಮಗುವಿನ ಎಡಗಣ್ಣು, ಅರ್ಧ ಹಣೆ, ಬೊಟ್ಟು. ಅಂಚಿನಲ್ಲಿ ನನ್ನದೇ ಕೈಬರಹದಲ್ಲಿ ಆ ಮಗುವಿನ ಹೆಸರು, ಕೊಡಬೇಕಾದ ದಿನಾಂಕ. ತಳ್ಳುಗಾಡಿಯವರಲ್ಲಿ ಉಳಿದ ಕಾಗದಗಳನ್ನು ನೋಡಲು ಕೇಳಿದೆ. ನನ್ನವು ಇನ್ನೆರಡು ಸಿಕ್ಕವು. ಆಗಲೇ ಎಷ್ಟು ಹೋಗಿದ್ದವೋ ತಿಳಿಯುವ ದಾರಿ ಇರಲಿಲ್ಲ. ಆ ಮನೆಯವರಿಗೆ ಮರುದಿನ ಫೋನು ಮಾಡಿ ನಡೆದದ್ದನ್ನು ಹೇಳಿ ಕ್ಷಮೆ ಕೇಳಿದೆ.

ಅಂದಿನಿಂದ ಪ್ರಿಂಟಿನ ಮೇಲೆ ಆರ್ಡರ್ ಸಂಖ್ಯೆಯ ಹೊರತು ಏನನ್ನೂ ಬರೆಯುವುದಿಲ್ಲ, ಮತ್ತು ಕಾಗದ ಮನೆಯಿಂದ ಕಾಗದವಾಗಿ ಹೊರಗೆ ಹೋಗುವುದಿಲ್ಲ. ಸಾಧಾರಣ ಕಾಗದವನ್ನು ಬಕೆಟ್ಟಿನಲ್ಲಿ ಒಂದು ರಾತ್ರಿ ನೆನೆಸಿ, ಬೆಳಿಗ್ಗೆ ಮುದ್ದೆ ಹಿಸುಕುವ ಹಾಗೆ ಹಿಸುಕಿದರೆ ತಿರುಳಾಗುತ್ತದೆ. ಇಂಕ್‌ಜೆಟ್ಟಿನ ಶಾಯಿ ಸಾಮಾನ್ಯವಾಗಿ ನೀರಿನಲ್ಲಿ ಹರಡುತ್ತದೆ, ಆದರೆ ಲೇಸರ್ ಪ್ರಿಂಟಿನ ಟೋನರು ಕಾಗದಕ್ಕೆ ಕರಗಿ ಅಂಟಿರುವುದರಿಂದ ಬರೀ ನೆನೆಸಿದರೆ ಮುಖ ಹಾಗೆಯೇ ಕಾಣುತ್ತಿರುತ್ತದೆ, ಹಿಸುಕಲೇಬೇಕು. ಹೊಳಪಿನ ಫೋಟೊ ಕಾಗದಕ್ಕೆ ಪ್ಲಾಸ್ಟಿಕ್ ಪದರ ಇರುವುದರಿಂದ ಅದು ನೆನೆಯುವುದೇ ಇಲ್ಲ. ಅದನ್ನು ಕತ್ತರಿಯಿಂದ ಕಣ್ಣು, ಮೂಗು, ಬಾಯಿ ಬೇರೆಯಾಗುವಂತೆ ಸಣ್ಣದಾಗಿ ಕತ್ತರಿಸುತ್ತೇನೆ. ಮನೆಯವರು ತಾವೇ ತಂದುಕೊಟ್ಟ ಹಳೆಯ ಸ್ಟುಡಿಯೊ ಫೋಟೊಗಳನ್ನು ಚಿತ್ರದೊಂದಿಗೆ ಅದೇ ಲಕೋಟೆಯಲ್ಲಿ ಹಿಂದಿರುಗಿಸುತ್ತೇನೆ, ಅಂಚೆಯಲ್ಲಿ ಕಳಿಸುವುದಿಲ್ಲ.

ಚಿತ್ರ ಮುಗಿದ ಮೇಲೆ ಎಷ್ಟು ದಿನ ಫೋಟೊ ಇಟ್ಟುಕೊಳ್ಳುತ್ತೀರಿ? ಅಳಿಸಿದ್ದು ನಿಜವಾಗಿ ಅಳಿಯುತ್ತದೆಯೇ?

ಚಿತ್ರ ಕೈಸೇರಿದ ದಿನದಿಂದ 15 ದಿನ. ಹುಬ್ಬು ಸ್ವಲ್ಪ ತಿದ್ದಬೇಕು, ಕೂದಲ ಗಾಢತೆ ಸಾಲದು ಎಂಬ ಮಾತುಗಳು ಬರುವುದು ಸಾಮಾನ್ಯವಾಗಿ ಅಷ್ಟರೊಳಗೆ, ಚೌಕಟ್ಟು ಹಾಕಿಸುವ ಮುನ್ನ. ಆ ಮೇಲೆ ಡೈರಿಯಲ್ಲಿ ಗುರುತು ಹಾಕಿ ಮೂರೂ ಕಡೆ ಅಳಿಸುತ್ತೇನೆ, ಅಳಿಸಿದ ದಿನವನ್ನು ನಿಮಗೆ ತಿಳಿಸುತ್ತೇನೆ. ಮುಂದೆಂದಾದರೂ ಇನ್ನೊಂದು ಬರೆಸಲು ಬೇಕಾಗಬಹುದು, ನಿಮ್ಮಲ್ಲೇ ಇರಲಿ ಎಂದು ಕೆಲವರು ಹೇಳುತ್ತಾರೆ. ದಯವಿಟ್ಟು ನೀವೇ ಇಟ್ಟುಕೊಳ್ಳಿ. ಇಲ್ಲದ ಫೋಟೊವನ್ನು ನನ್ನಿಂದ ಯಾರೂ ಕದಿಯಲಾರರು, ನನ್ನ ಲ್ಯಾಪ್‌ಟಾಪ್ ಕಳೆದುಹೋದರೂ.

ಅಳಿಸುವ ವಿಚಾರಕ್ಕೆ ಬಂದರೆ, ಒಂದು ಸಲ ಒತ್ತಿದರೆ ಮುಗಿಯಲಿಲ್ಲ. ಗೂಗಲ್ ಫೋಟೋಸಿನಲ್ಲಿ ಬ್ಯಾಕಪ್ ಆಗಿರುವ ಫೋಟೊವನ್ನು ಅಳಿಸಿದರೆ ಅದು ಕಸದಬುಟ್ಟಿಯಲ್ಲಿ 60 ದಿನ ಇರುತ್ತದೆ, ಗೂಗಲ್ ಡ್ರೈವಿನಲ್ಲಿ 30 ದಿನ. ಕಂಪ್ಯೂಟರಿನಲ್ಲಿ `Recycle Bin` ಖಾಲಿ ಮಾಡುವವರೆಗೂ ಇರುತ್ತದೆ. ಪೆನ್‌ಡ್ರೈವಿನಲ್ಲಿ ಅಳಿಸಿದ್ದನ್ನು ರಿಕವರಿ ತಂತ್ರಾಂಶಗಳು ಮತ್ತೆ ತೆಗೆಯಬಲ್ಲವು, ಆದ್ದರಿಂದ ಕೆಲಸದ ಪೆನ್‌ಡ್ರೈವನ್ನು ನಾನು ಯಾರಿಗೂ ಎರವಲು ಕೊಡುವುದಿಲ್ಲ. ನಿಮ್ಮ ಕಡೆಯ ಪ್ರತಿಯೂ ಇದೆ: ನೀವು ನನಗೆ ಕಳಿಸಿದ್ದು ನಿಮ್ಮ ವಾಟ್ಸಾಪಿನಲ್ಲಿ, ನಿಮ್ಮ ಬ್ಯಾಕಪ್ಪಿನಲ್ಲಿ ಇರುತ್ತದೆ. ಅದನ್ನು ಇಡುವುದು ಬಿಡುವುದು ನಿಮ್ಮ ಇಷ್ಟ.

ನಮ್ಮ ಮಗುವಿನ ಚಿತ್ರವನ್ನು ನಿಮ್ಮ ಇನ್‌ಸ್ಟಾಗ್ರಾಮಿನಲ್ಲಿ ಹಾಕುತ್ತೀರಾ?

ಕೇಳದೆ ಹಾಕುವುದಿಲ್ಲ. ಬಹಳ ಕಲಾವಿದರು, ಚಿತ್ರ ಬರೆದವನು ನಾನು, ಹಾಗಾಗಿ ಹಕ್ಕು ನನ್ನದು ಎಂದುಕೊಂಡಿರುತ್ತಾರೆ. 1957ರ ಹಕ್ಕುಸ್ವಾಮ್ಯ ಕಾಯ್ದೆಯ 17ನೆಯ ಕಲಮಿನ ಪ್ರಕಾರ, ಯಾರೋ ಹೇಳಿ, ಹಣ ಕೊಟ್ಟು ಬರೆಸಿದ ಭಾವಚಿತ್ರದ ಹಕ್ಕುಸ್ವಾಮ್ಯ, ಬೇರೆ ಒಪ್ಪಂದ ಇಲ್ಲದಿದ್ದರೆ, ಬರೆಸಿದವರದ್ದೇ ಆಗುತ್ತದೆ. ಹಣ ಕೊಟ್ಟು ತೆಗೆಸಿದ ಫೋಟೊಗೂ ಇದೇ ಮಾತು. ಅಂದರೆ ಮಗುವಿನ ಗೋಪ್ಯತೆಯ ಮಾತು ಹಾಗಿರಲಿ, ಚಿತ್ರವನ್ನು ಪ್ರಕಟಿಸುವ ಹಕ್ಕೇ ನನ್ನಲ್ಲಿ ತಾನಾಗಿ ಇರುವುದಿಲ್ಲ.

ಒಪ್ಪಿದವರ ಚಿತ್ರವನ್ನು ಹಾಕುವಾಗಲೂ ಹೆಸರು, ಊರು, ಶಾಲೆ, ಹುಟ್ಟಿದ ದಿನ ಬರೆಯುವುದಿಲ್ಲ, ಹೆತ್ತವರನ್ನು ಟ್ಯಾಗ್ ಮಾಡುವುದಿಲ್ಲ. ಫೋಟೊ ಒಂದು ಕಡೆ, ಚಿತ್ರ ಒಂದು ಕಡೆ ಇಟ್ಟು ಹೋಲಿಸಿ ತೋರಿಸುವ ಪೋಸ್ಟುಗಳು ಬಹಳ ಓಡುತ್ತವೆ. ಮಕ್ಕಳ ವಿಷಯದಲ್ಲಿ ನಾನು ಅವನ್ನು ಮಾಡುವುದಿಲ್ಲ. ಬರೆಯುವ ವಿಡಿಯೊ ತೆಗೆಯುವಾಗ ಇನ್ನೊಂದು ತಪ್ಪು ನುಸುಳುತ್ತದೆ: ಕೈ ಮತ್ತು ಕಾಗದಕ್ಕೆ ಫೋಕಸ್ ಇಟ್ಟಿರುತ್ತೇವೆ, ಮೇಲಿನ ಮೂಲೆಯಲ್ಲಿ ಕ್ಲಿಪ್ಪಿಗೆ ಸಿಕ್ಕಿಸಿದ ರೆಫರೆನ್ಸ್ ಪೂರ್ತಿ ಕಾಣುತ್ತಿರುತ್ತದೆ. ಕ್ಯಾಮೆರಾ ಆನ್ ಮಾಡುವ ಮುನ್ನ ರೆಫರೆನ್ಸನ್ನು ಎಡಗಡೆಯ ಸ್ಟ್ಯಾಂಡಿಗೆ, ಚೌಕಟ್ಟಿನಿಂದ ಆಚೆಗೆ ಸರಿಸಿಕೊಳ್ಳಬೇಕು.

ಮಗುವಿಗೆ ತಿಳಿವಳಿಕೆ ಬಂದಿದ್ದರೆ ಮಗುವನ್ನೂ ಕೇಳಿ ಎನ್ನುತ್ತೇನೆ. ತಂದೆ ಒಪ್ಪಿದ್ದರು, ಹತ್ತು ವರ್ಷದ ಮಗಳು ಚಿತ್ರ ತೆಗೆದುಕೊಳ್ಳಲು ಜೊತೆಗೆ ಬಂದಿದ್ದವಳು, "ಅಂಕಲ್, ಹಲ್ಲು ಬಿದ್ದಿರೋದು ಎಲ್ಲರಿಗೂ ಕಾಣುತ್ತೆ, ಹಾಕಬೇಡಿ" ಎಂದಳು. ಹಾಕಲಿಲ್ಲ.

ಅಭ್ಯಾಸಕ್ಕೆ ಇಂಟರ್‌ನೆಟ್ಟಿನಲ್ಲಿ ಸಿಗುವ ಮಕ್ಕಳ ಫೋಟೊ ಬಳಸಬಹುದೇ?

ನನ್ನ ವಿದ್ಯಾರ್ಥಿಗಳಿಗೆ ನಾನು ಬೇಡ ಎನ್ನುತ್ತೇನೆ. ಮುಕ್ತ ಪರವಾನಗಿಯ ಫೋಟೊ ಎಂದರೆ ಫೋಟೊ ತೆಗೆದವರು ಅದನ್ನು ಬಳಸಲು ಅನುಮತಿ ಕೊಟ್ಟಿದ್ದಾರೆ ಎಂದಷ್ಟೇ ಅರ್ಥ; ಫೋಟೊದಲ್ಲಿರುವ ಮಗುವಿನ ಮನೆಯವರು ಒಪ್ಪಿದ್ದಾರೆ ಎಂದಲ್ಲ. ಜಾತ್ರೆಯಲ್ಲಿ, ರಸ್ತೆಯಲ್ಲಿ ತೆಗೆದ ಮಕ್ಕಳ ಫೋಟೊಗಳ ಕಥೆಯೂ ಇಷ್ಟೇ. ಮಗುವಿನ ಮುಖದ ಪ್ರಮಾಣವನ್ನು, ಅಂದರೆ ದೊಡ್ಡ ಹಣೆ, ಮುಖದ ನಡುಗೆರೆಗಿಂತ ಕೆಳಗೆ ಬರುವ ಕಣ್ಣು, ಚಿಕ್ಕ ಗದ್ದ ಇವನ್ನು, ಕಲಿಯಲು ಮನೆಯ ಮಕ್ಕಳನ್ನೇ ಅವರ ಅಮ್ಮನ ಎದುರಿಗೆ ಹತ್ತು ನಿಮಿಷ ಕೂರಿಸಿಕೊಂಡು ಬರೆಯಿರಿ. ಅಥವಾ ನಿಮ್ಮದೇ ಬಾಲ್ಯದ ಫೋಟೊ ಇದೆ.

ತೀರಿಹೋದ ಮಗುವಿನ ಚಿತ್ರ ಬರೆಸಬೇಕಾಗಿದೆ. ಆಸ್ಪತ್ರೆಯಲ್ಲಿ ತೆಗೆದ ಒಂದೇ ಫೋಟೊ ಇದೆ.

ಇಂಥ ಫೋಟೊವನ್ನು ವಾಟ್ಸಾಪಿನಲ್ಲಿ ಕಳಿಸಬೇಡಿ, ಸಾಧ್ಯವಾದರೆ ಬಂದು ತೋರಿಸಿ. ಮೂಗಿನ ನಳಿಕೆ, ಕೈಯ ಪಟ್ಟಿ, ಹಾಸಿಗೆಯ ಸಂಖ್ಯೆ ಯಾವುದೂ ಚಿತ್ರದಲ್ಲಿ ಬರುವುದಿಲ್ಲ. ನಳಿಕೆ ಮುಚ್ಚಿರುವ ಭಾಗಕ್ಕೆ ಅಣ್ಣ ಅಥವಾ ಅಕ್ಕನ ಅದೇ ವಯಸ್ಸಿನ ಫೋಟೊ ಇದ್ದರೆ ತನ್ನಿ, ತುಟಿ ಮತ್ತು ಮೂಗಿನ ಅಂದಾಜಿಗೆ ನೆರವಾಗುತ್ತದೆ. ಈ ಚಿತ್ರಗಳನ್ನು ನಾನು ಯಾರಿಗೂ ತೋರಿಸುವುದಿಲ್ಲ, ಪ್ರಕಟಿಸಲು ಒಪ್ಪಿಗೆಯನ್ನೂ ಕೇಳುವುದಿಲ್ಲ. ಇಲ್ಲಿ ಮಾತ್ರ ಅಳಿಸುವ ಮುನ್ನ ಒಮ್ಮೆ ಫೋನು ಮಾಡುತ್ತೇನೆ. ಮನೆಯವರ ಫೋನು ಹಾಳಾಗಿ, ನನ್ನಲ್ಲಿರುವುದೇ ಕೊನೆಯ ಪ್ರತಿಯಾಗಿರಬಹುದು. ಒಮ್ಮೆ ಹಾಗೆ ಆಗಿತ್ತು.

ಇದಕ್ಕೆಲ್ಲ ಕಾನೂನು ಏನು ಹೇಳುತ್ತದೆ?

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ 18 ವರ್ಷ ತುಂಬದವರೆಲ್ಲ ಮಕ್ಕಳೇ, ಮತ್ತು ಅವರ ದತ್ತಾಂಶವನ್ನು ಬಳಸಲು ಹೆತ್ತವರ ಪರಿಶೀಲಿಸಬಹುದಾದ ಒಪ್ಪಿಗೆ ಬೇಕು ಎಂದಿದೆ. ಮನೆಮಟ್ಟಿನ ಸ್ವಂತ ಬಳಕೆಗೆ ಆ ಕಾಯ್ದೆ ಅನ್ವಯಿಸುವುದಿಲ್ಲ. ಹಣ ಪಡೆದು ಮಾಡುವ ನನ್ನ ಕೆಲಸವನ್ನು ನಾನು ಆ ವಿನಾಯಿತಿಯೊಳಗೆ ಸೇರಿಸಿಕೊಳ್ಳುವುದಿಲ್ಲ. ಬಾಲನ್ಯಾಯ ಕಾಯ್ದೆ, 2015ರ 74ನೆಯ ಕಲಮು, ಕಾನೂನಿನ ಪ್ರಕ್ರಿಯೆಯಲ್ಲಿರುವ ಅಥವಾ ಪಾಲನೆ, ರಕ್ಷಣೆ ಬೇಕಾಗಿರುವ ಮಗುವಿನ ಹೆಸರು, ವಿಳಾಸ, ಶಾಲೆ, ಚಿತ್ರ ಪ್ರಕಟಿಸುವುದನ್ನು ನಿಷೇಧಿಸುತ್ತದೆ. ಬಾಲಮಂದಿರಕ್ಕೆ ನೆರವು ನೀಡುವ ಹುರುಪಿನಲ್ಲಿ ಅಲ್ಲಿಯ ಮಕ್ಕಳ ಮುಖ ಬರೆದು ಪ್ರದರ್ಶಿಸಲು ಹೊರಡುವ ಗೆಳೆಯರು ಇದನ್ನು ತಿಳಿದಿರಬೇಕು.

ಫೋಟೊ ಕೈತಪ್ಪಿ ಬೇರೆ ಗುಂಪಿಗೆ ಹೋದರೆ ಏನು ಮಾಡುವುದು?

ಗಾಬರಿಯಲ್ಲಿ `Delete for me` ಒತ್ತಬೇಡಿ. ಅದನ್ನು ಒತ್ತಿದರೆ ನಿಮ್ಮ ಪರದೆಯಿಂದ ಹೋಗುತ್ತದೆ, ಗುಂಪಿನವರಿಗೆ ಕಾಣುತ್ತಲೇ ಇರುತ್ತದೆ, ಆಮೇಲೆ ಎಲ್ಲರಿಗೂ ಅಳಿಸುವ ಅವಕಾಶವೂ ಇರುವುದಿಲ್ಲ. ಹಾಗೆ ಒತ್ತಿಬಿಟ್ಟಿದ್ದರೆ ಕೆಳಗೆ ಕೆಲವೇ ಸೆಕೆಂಡು ಕಾಣುವ `Undo` ಒತ್ತಿ, ನಂತರ `Delete for everyone` ಆರಿಸಿ. ಕಳಿಸಿ ಎರಡು ದಿನಕ್ಕಿಂತ ತುಸು ಹೆಚ್ಚು ಹೊತ್ತಿನವರೆಗೆ ಅದು ಕೆಲಸ ಮಾಡುತ್ತದೆ. ಆದರೂ ಅಷ್ಟರಲ್ಲಿ ಯಾರದೋ ಫೋನಿನಲ್ಲಿ ಉಳಿದಿರಬಹುದು, ಆದ್ದರಿಂದ ಗುಂಪಿನಲ್ಲಿ ಅಳಿಸಲು ಕೋರಿ, ಮಗುವಿನ ಮನೆಯವರಿಗೆ ಅಂದೇ ತಿಳಿಸಿ. ಮಗುವಿನ ಫೋಟೊವನ್ನು ಯಾರಾದರೂ ಕೆಟ್ಟದಾಗಿ ಬಳಸಿರುವುದು ಕಂಡರೆ ಅದನ್ನು ಸಾಕ್ಷಿಗೆಂದು ಬೇರೆಯವರಿಗೆ ಫಾರ್ವರ್ಡ್ ಮಾಡದೆ, ಲಿಂಕು, ದಿನಾಂಕ, ಖಾತೆಯ ಹೆಸರನ್ನು ಬರೆದಿಟ್ಟುಕೊಂಡು cybercrime.gov.in ತಾಣದಲ್ಲಿ ದೂರು ಕೊಡಿ. ಮಕ್ಕಳ ಸಹಾಯವಾಣಿ 1098 ಹಗಲು ರಾತ್ರಿ ಸಿಗುತ್ತದೆ.